ಮನೆ ಮಾವನ ಹೆಸರಿನಲ್ಲಿದ್ದರೂ ಸೊಸೆಗಿರುವ ವಾಸದ ಹಕ್ಕು

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯ ಸಮಾಜದ ಮನೆಗಳನ್ನು ನೋಡಿದರೆ ಒಂದು ಮಾತು ಸಾಮಾನ್ಯ. ಕೆಳಗೆ ಅಂಗಡಿ, ಮೇಲೆ ಮನೆ. ಆಸ್ತಿ ಉತಾರದಲ್ಲಿ ಹಿರಿಯರ ಹೆಸರು. ನವನಗರದಲ್ಲಿ ಮುಳುಗಡೆಯ ನಂತರ ಬಂದ ನಿವೇಶನಗಳೂ ಎಷ್ಟೋ ಕಡೆ ಮನೆಯ ಯಜಮಾನರ ಹೆಸರಿನಲ್ಲೇ ಇವೆ. ಮಗ ಸೊಸೆ ಅದೇ ಮನೆಯ ಒಂದು ಭಾಗದಲ್ಲಿ ಇರುತ್ತಾರೆ, ವ್ಯಾಪಾರವೂ ಕೂಡಿಯೇ ನಡೆಯುತ್ತದೆ. ಎಲ್ಲ ಸರಿಯಿದ್ದಾಗ ಮನೆ ಯಾರ ಹೆಸರಿನಲ್ಲಿದೆ ಎಂದು ಯಾರೂ ಕೇಳುವುದಿಲ್ಲ. ಜಗಳ ಹತ್ತಿ ಸೊಸೆಯ ಮೇಲೆ ಕೈ ಎತ್ತುವ ಹಂತಕ್ಕೆ ಬಂದಾಗ ಮಾತ್ರ, "ಮನಿ ನಂದೈತಿ, ನೀ ಹೊರಗ ನಡಿ" ಎಂಬ ಮಾತು ಬರುತ್ತದೆ. ಸೊಸೆಯೂ ಆಕೆಯ ತವರಿನವರೂ ಅದನ್ನು ನಂಬಿ, ಗಂಟು ಮೂಟೆ ಕಟ್ಟಿಕೊಂಡು ಬರುತ್ತಾರೆ. ಕಾಯ್ದೆ ಹಾಗೆ ಹೇಳುವುದಿಲ್ಲ.

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರದ್ದು. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಇದು ಎಲ್ಲ ಧರ್ಮದವರಿಗೂ ಒಂದೇ. ಇದರ 17ನೇ ಕಲಂ ಪ್ರಕಾರ, ಕೌಟುಂಬಿಕ ಸಂಬಂಧದಲ್ಲಿರುವ ಪ್ರತಿಯೊಬ್ಬ ಮಹಿಳೆಗೂ ತಾನು ಕೂಡಿ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕಿದೆ. ಆ ಮನೆಯಲ್ಲಿ ಆಕೆಗೆ ಪಾಲು, ಹಕ್ಕುಪತ್ರ ಇರಬೇಕೆಂದಿಲ್ಲ. ಕಾನೂನಿನ ಕ್ರಮದಿಂದಲ್ಲದೆ ಆಕೆಯನ್ನು ಹೊರಹಾಕುವಂತಿಲ್ಲ. ಇದು ವಾಸದ ಹಕ್ಕು, ಒಡೆತನದ ಹಕ್ಕಲ್ಲ. ಈ ಭೇದ ಮರೆತಾಗಲೇ ಎರಡೂ ಕಡೆಯವರು ತಪ್ಪು ಹೆಜ್ಜೆ ಇಡುತ್ತಾರೆ. ಸೊಸೆ ಮನೆಯನ್ನೇ ಬರೆಸಿಕೊಳ್ಳುತ್ತಾಳೆಂದು ಮಾವ ಹೆದರುತ್ತಾರೆ, ತನಗೆ ಏನೂ ಇಲ್ಲವೆಂದು ಸೊಸೆ ತಿಳಿಯುತ್ತಾಳೆ.

ಮಾವನ ಸ್ವಂತ ಗಳಿಕೆಯ ಮನೆಯಾದರೆ ಹೇಗೆ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟೇ ಎರಡು ಉತ್ತರ ಕೊಟ್ಟಿದೆ. 2006ರ ಡಿಸೆಂಬರ್‌ನಲ್ಲಿ, ಬಾತ್ರಾ ಪ್ರಕರಣದಲ್ಲಿ, ಮನೆ ಗಂಡನದ್ದು, ಇಲ್ಲವೇ ಗಂಡ ಬಾಡಿಗೆಗೆ ಹಿಡಿದದ್ದು, ಇಲ್ಲವೇ ಗಂಡ ಸದಸ್ಯನಾಗಿರುವ ಅವಿಭಕ್ತ ಕುಟುಂಬದ್ದು ಆಗಿದ್ದರೆ ಮಾತ್ರ ಹಕ್ಕು ಎಂದಿತು. ಅಲ್ಲಿ ಮನೆ ಅತ್ತೆಯ ಹೆಸರಿನಲ್ಲಿತ್ತು. ಸುಮಾರು 14 ವರ್ಷ ಇದೇ ಮಾತು ಕೆಳಗಿನ ಕೋರ್ಟುಗಳಲ್ಲಿ ನಡೆಯಿತು. 2020ರ ಅಕ್ಟೋಬರ್ 15ರಂದು ಮೂವರು ನ್ಯಾಯಮೂರ್ತಿಗಳ ಪೀಠ ದೆಹಲಿಯ ಅಹುಜಾ ಪ್ರಕರಣದಲ್ಲಿ ಆ ತೀರ್ಪು ಸರಿಯಲ್ಲವೆಂದು ತೆಗೆದುಹಾಕಿತು. ಮಾವನ ಸ್ವಂತ ಮನೆಯಾದರೂ ಸೊಸೆ ಅಲ್ಲಿ ನೆಲೆಯಾಗಿ ಸಂಸಾರ ಮಾಡಿದ್ದರೆ ಅದು ಕೂಡಿ ಬಾಳಿದ ಮನೆಯೇ. ಎರಡು ದಿನ ಬೀಗರಾಗಿ ಹೋಗಿ ಬಂದ ಮನೆ ಅದಲ್ಲ. ಇವತ್ತಿಗೂ ಕೆಲವರು 2006ರ ತೀರ್ಪನ್ನೇ ಹಿಡಿದು ಸಲಹೆ ಕೊಡುವುದುಂಟು, ಅದಕ್ಕೇ ಈ ವರ್ಷಗಳನ್ನು ನೆನಪಿಡಬೇಕು.

ಅದೇ 2020ರ ಡಿಸೆಂಬರ್ 15ರಂದು ಕರ್ನಾಟಕದ್ದೇ ಒಂದು ಪ್ರಕರಣ ತೀರ್ಮಾನವಾಯಿತು. ವಕೀಲರು ಅದನ್ನು ಎಸ್. ವನಿತಾ ಪ್ರಕರಣ ಎನ್ನುತ್ತಾರೆ. ಬೆಂಗಳೂರಿನ ಆ ಮನೆ ಮೊದಲು ಗಂಡನ ಹೆಸರಿನಲ್ಲಿತ್ತು. 2006ರಲ್ಲಿ ಗಂಡ ಅದನ್ನು ತಾನು ಕೊಂಡ ಬೆಲೆಗೇ ತನ್ನ ತಂದೆಗೆ ಮಾರಿದ. 2010ರಲ್ಲಿ ತಂದೆ ತಮ್ಮ ಹೆಂಡತಿಗೆ ದಾನಪತ್ರ ಮಾಡಿದರು. ಆಮೇಲೆ ಅತ್ತೆ ಮಾವ ಹಿರಿಯ ನಾಗರಿಕರ 2007ರ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಿ ಸೊಸೆಯನ್ನು ಬಿಡಿಸುವ ಆದೇಶ ತಂದರು. ಜಿಲ್ಲಾಧಿಕಾರಿಯ ಹಂತದಲ್ಲೂ ಹೈಕೋರ್ಟಿನಲ್ಲೂ ಸೊಸೆ ಸೋತಳು. ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಹಿರಿಯರ ಕಾಯ್ದೆಯನ್ನು ಸೊಸೆಯ ವಾಸದ ಹಕ್ಕನ್ನು ಇಲ್ಲವಾಗಿಸಲು ಬಳಸುವಂತಿಲ್ಲ, ಎರಡೂ ಕಾಯ್ದೆಗಳನ್ನು ಹೊಂದಿಸಿಯೇ ಓದಬೇಕು ಎಂದಿತು. ಆದರೆ ಆಕೆಗೆ ಮನೆ ಕೊಟ್ಟುಬಿಡಲಿಲ್ಲ. ಒಂದು ವರ್ಷ ಬಲವಂತದಿಂದ ಹೊರಹಾಕಬಾರದು, ಅಷ್ಟರಲ್ಲಿ ಆಕೆ ದೌರ್ಜನ್ಯ ಕಾಯ್ದೆಯಡಿ ಅರ್ಜಿ ಹಾಕಿಕೊಳ್ಳಬಹುದು ಎಂದಿತು. ಮನೆಯನ್ನು ಮಗನಿಂದ ತಂದೆಗೆ, ತಂದೆಯಿಂದ ತಾಯಿಗೆ ಬರೆದುಕೊಟ್ಟ ಮಾತ್ರಕ್ಕೆ ಸೊಸೆಯ ವಾಸ ಮುಗಿಯುವುದಿಲ್ಲ ಎಂಬುದು ವ್ಯಾಪಾರಸ್ಥರ ಮನೆಗಳು ಗಮನಿಸಬೇಕಾದ ಮಾತು.

ಇನ್ನು ನಡೆಯುವ ಕ್ರಮ. ಒಂದು ಕಲ್ಪಿತ ಉದಾಹರಣೆ ಹಿಡಿಯೋಣ. ಇಳಕಲ್‌ನಲ್ಲಿ ಕೆಳಗೆ ಸೀರೆ ಅಂಗಡಿ, ಮೇಲೆ ಮನೆ, ಎರಡೂ ಮಾವನ ಹೆಸರಿನಲ್ಲಿ. ಒಂಬತ್ತು ವರ್ಷ ಸಂಸಾರ ಮಾಡಿದ ಸೊಸೆಗೆ ಗಂಡ ಹೊಡೆಯುತ್ತಾನೆ. ಒಂದು ದಿನ ಆಕೆ ಮಗುವನ್ನು ಶಾಲೆಯಿಂದ ಕರೆತರುವಷ್ಟರಲ್ಲಿ ಬಾಗಿಲಿಗೆ ಹೊಸ ಕೀಲಿ ಬಿದ್ದಿದೆ. ಆಕೆ ಬಾದಾಮಿಯ ತವರಿಗೆ ಬಂದಿದ್ದಾಳೆ. ಮೊದಲ ಸಂಶಯ, ಕೇಸು ಹುನಗುಂದ ಇಳಕಲ್ ಕಡೆಗೇ ಹೋಗಿ ಹಾಕಬೇಕೇ ಎಂಬುದು. ಬೇಕಿಲ್ಲ. ಆಕೆ ತಾತ್ಕಾಲಿಕವಾಗಿ ಇರುವ ಊರಿನ ಜೆಎಂಎಫ್‌ಸಿ ಕೋರ್ಟಿಗೂ ಅಧಿಕಾರವಿದೆ, ಆದ್ದರಿಂದ ಬಾದಾಮಿಯಲ್ಲೇ ಅರ್ಜಿ ಹಾಕಬಹುದು.

ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಈ ಕಾಯ್ದೆಯ ಸಂರಕ್ಷಣಾಧಿಕಾರಿಗಳು. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೂ ಆ ಕಚೇರಿ ತೋರಿಸುತ್ತಾರೆ. ಅವರು ಆಕೆಯ ಮಾತು ಕೇಳಿ ನಮೂನೆ 1ರಲ್ಲಿ ಕೌಟುಂಬಿಕ ಘಟನಾ ವರದಿ ಬರೆದು ಕೋರ್ಟಿಗೆ ಕಳಿಸುತ್ತಾರೆ. ಈ ವರದಿ ಇಲ್ಲದಿದ್ದರೂ ಕೋರ್ಟು ಆದೇಶ ಮಾಡಬಹುದೆಂದು ಸುಪ್ರೀಂ ಕೋರ್ಟು 2022ರ ಮೇ 12ರಂದು ಪ್ರಭಾ ತ್ಯಾಗಿ ಪ್ರಕರಣದಲ್ಲಿ ಹೇಳಿದೆ, ಆದ್ದರಿಂದ ಅಧಿಕಾರಿ ರಜೆಯಲ್ಲಿದ್ದಾರೆಂದು ಕಾಯುವ ಕಾರಣವಿಲ್ಲ. ಅರ್ಜಿ ನಮೂನೆ 2ರಲ್ಲಿ, ತುರ್ತು ಆದೇಶ ಕೇಳುವ ಪ್ರಮಾಣಪತ್ರ ನಮೂನೆ 3ರಲ್ಲಿ. ವಕೀಲರ ಖರ್ಚಿಗೆ ಹಣ ಇಲ್ಲದಿದ್ದರೆ ತಾಲೂಕು ಕಾನೂನು ಸೇವಾ ಸಮಿತಿ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಮಹಿಳೆಯರಿಗೆ ಅಲ್ಲಿ ಆದಾಯ ಮಿತಿ ಇಲ್ಲ. ತವರು ಅನುಕೂಲಸ್ಥರಾಗಿದ್ದರೂ ಸಿಗುತ್ತದೆ.

ಅರ್ಜಿಯಲ್ಲಿ ಏನು ಬರೆಯುತ್ತಾರೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. "ಚಿತ್ರಹಿಂಸೆ ಕೊಡುತ್ತಾರೆ, ನ್ಯಾಯ ಕೊಡಿಸಿ" ಎಂದಷ್ಟೇ ಬರೆದರೆ, "ದೌರ್ಜನ್ಯ ಎಸಗಬಾರದು" ಎಂಬ ಒಂದು ಸಾಲಿನ ಆದೇಶ ಬರುತ್ತದೆ, ಬಾಗಿಲ ಕೀಲಿ ಹಾಗೇ ಇರುತ್ತದೆ. ಇಳಕಲ್‌ನ ಉದಾಹರಣೆಯಲ್ಲಿ ಬರೆಯಬೇಕಾದದ್ದು ಹೀಗೆ: ಮನೆಯ ಆಸ್ತಿ ಸಂಖ್ಯೆ, ಮೇಲಿನ ಮಹಡಿಯ ಯಾವ ಕೋಣೆಗಳಲ್ಲಿ ಆಕೆ ಇದ್ದಳು, ಯಾವ ದಿನ ಕೀಲಿ ಬದಲಾಯಿತು, ಅಡುಗೆಮನೆ ಮತ್ತು ನೀರಿನ ಬಳಕೆ ಬೇಕು, ಹೊಸ ಕೀಲಿಯ ಒಂದು ಪ್ರತಿ ಬೇಕು, ಒಳಗೆ ಕಳಿಸುವಾಗ ಪೊಲೀಸ್ ಠಾಣೆಯ ನೆರವು ಬೇಕು. ಆಕೆ ಅಲ್ಲಿ ಇದ್ದಳೆಂಬುದಕ್ಕೆ ರೇಷನ್ ಕಾರ್ಡು, ಆಧಾರ್ ವಿಳಾಸ, ಮಗುವಿನ ಶಾಲೆಯ ದಾಖಲೆ ಸಾಕಾಗುತ್ತವೆ. ಲಗ್ನದಲ್ಲಿ ಬಂದ ಬಂಗಾರ ಮಾವನ ಲಾಕರಿನಲ್ಲಿದ್ದರೆ ಅದರ ಪಟ್ಟಿ ಮಾಡಿ ವಾಪಸು ಕೇಳಬೇಕು. ಸ್ತ್ರೀಧನ ಹಿಂತಿರುಗಿಸುವ ಆದೇಶ ಇದೇ ಅರ್ಜಿಯಲ್ಲಿ ಆಗುತ್ತದೆ.

ಆದೇಶಗಳು ಎರಡು ಬಗೆಯವು. 18ನೇ ಕಲಂನದು ಸಂರಕ್ಷಣಾ ಆದೇಶ. ಹೊಡೆಯಬಾರದು, ಫೋನಿನಲ್ಲಿ ಬೆದರಿಸಬಾರದು, ಆಕೆಯ ಕೆಲಸದ ಜಾಗಕ್ಕೆ ಮಗುವಿನ ಶಾಲೆಗೆ ಬರಬಾರದು, ಲಾಕರು ಖಾತೆ ಮುಟ್ಟಬಾರದು ಎಂಬಂಥವು. 19ನೆಯದು ವಾಸದ ಆದೇಶ. ಹೊರಹಾಕಬಾರದು, ಆಕೆಯ ಕೋಣೆಗೆ ಗಂಡ ಕಾಲಿಡಬಾರದು, ಮನೆ ಮಾರಬಾರದು ಅಡವಿಡಬಾರದು, ಅಥವಾ ಗಂಡನೇ ಮನೆ ಬಿಟ್ಟು ಇರಬೇಕು. ಮನೆ ಬಿಡಿ ಎಂಬ ಆದೇಶವನ್ನು ಮನೆಯ ಹೆಣ್ಣುಮಕ್ಕಳ ವಿರುದ್ಧ ಮಾಡುವಂತಿಲ್ಲ, ಅಂದರೆ ಅತ್ತೆಯನ್ನು ಹೊರಗೆ ಕಳಿಸುವ ಪ್ರಶ್ನೆ ಬರುವುದಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ, ಅನುಭವಿ ವಕೀಲರು ಬಿಡುವುದಿಲ್ಲ, ಹೊಸಬರು ಮರೆಯುತ್ತಾರೆ. ಆದೇಶ ಮೀರಿದವರಿಗೆ ಒಂದು ವರ್ಷದವರೆಗೆ ಸಜೆ, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಎಂದು 31ನೇ ಕಲಂ ಹೇಳುತ್ತದೆ. ಆದರೆ ಆ ಕಲಂನ ಮಾತು ಸಂರಕ್ಷಣಾ ಆದೇಶದ ಬಗ್ಗೆ ಇದೆ, ವಾಸದ ಆದೇಶದ ಹೆಸರು ಅಲ್ಲಿಲ್ಲ. ಆದ್ದರಿಂದ ಎರಡನ್ನೂ ಒಟ್ಟಿಗೆ ಕೇಳಬೇಕು. ಆಕೆ ಮನೆಗೆ ಬರುವುದನ್ನು ತಡೆಯಬಾರದು ಎಂಬ ಮಾತು ಸಂರಕ್ಷಣಾ ಆದೇಶದ ಭಾಗದಲ್ಲೂ ಇರಬೇಕು. ಆಗ ಮತ್ತೆ ಕೀಲಿ ಹಾಕಿದರೆ ಠಾಣೆಯವರು ಹಿಂಜರಿಯುವುದಿಲ್ಲ.

ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ, ಮೊದಲ ವಿಚಾರಣೆಯಿಂದ 60 ದಿನದೊಳಗೆ ತೀರ್ಮಾನ ಎಂದು ಕಾಯ್ದೆಯಲ್ಲಿದೆ. ನಡೆಯುವುದು ಅದಕ್ಕಿಂತ ತಡವಾಗಿ. ಹೆಚ್ಚಾಗಿ ಸಿಕ್ಕುವುದು ನೋಟಿಸ್ ಮುಟ್ಟುವ ಹಂತದಲ್ಲಿ. ಅಂಗಡಿಯಲ್ಲಿ ಕೂತವರೇ ಊರಲ್ಲಿಲ್ಲ ಎನಿಸಿಕೊಳ್ಳುತ್ತಾರೆ. ಅದಕ್ಕೇ 23ನೇ ಕಲಂನ ಮಧ್ಯಂತರ ಆದೇಶ ಮುಖ್ಯ. ಪ್ರಮಾಣಪತ್ರ ನೋಡಿ, ಎದುರಿನವರು ಬರುವ ಮೊದಲೇ ಕೋರ್ಟು ಅದನ್ನು ಕೊಡಬಹುದು. ಮನೆ ಮಾರುವ ಸುಳಿವಿದ್ದರೆ ಆದೇಶದ ಪ್ರತಿಯನ್ನು ಉಪನೋಂದಣಿ ಕಚೇರಿಗೂ ನಗರಸಭೆಗೂ ಕೊಟ್ಟು ಸ್ವೀಕೃತಿ ಪಡೆಯುವುದು ಒಳ್ಳೆಯದು. ಆದೇಶದ ವಿರುದ್ಧ ಮೇಲ್ಮನವಿಗೆ ಎರಡೂ ಕಡೆಗೆ 30 ದಿನ, ಅದು ಸೆಷನ್ಸ್ ಕೋರ್ಟಿಗೆ.

ಮಾವನ ಪರವಾಗಿಯೂ ಕಾಯ್ದೆಯಲ್ಲಿ ಮಾತುಂಟು. ವಯಸ್ಸಾದ ಅತ್ತೆ ಮಾವನಿಗೆ ನೆಮ್ಮದಿಯಿಂದ ಬಾಳುವ ಹಕ್ಕಿದೆ, ಸೊಸೆಯ ವಾಸದ ಹಕ್ಕು ಎಂದೂ ಕದಲಿಸಲಾಗದ್ದಲ್ಲ ಎಂದು ಅಹುಜಾ ತೀರ್ಪೇ ಹೇಳಿದೆ. ಹಿರಿಯರು ಸಿವಿಲ್ ದಾವೆಯಿಂದ, ಕ್ರಮಪ್ರಕಾರ, ಮನೆ ಬಿಡಿಸಿಕೊಳ್ಳಬಹುದು. ಆಗ ಕೋರ್ಟು ಸಾಮಾನ್ಯವಾಗಿ ಗಂಡ ಅದೇ ಮಟ್ಟದ ಬೇರೆ ಮನೆ ಮಾಡಿಕೊಡಬೇಕು ಇಲ್ಲವೇ ಬಾಡಿಗೆ ಕೊಡಬೇಕು ಎನ್ನುತ್ತದೆ. ಇಳಕಲ್‌ನ ಉದಾಹರಣೆಯಲ್ಲಿ, ಮಾವ ಹೃದಯದ ರೋಗಿ, ಮನೆಯಲ್ಲಿ ದಿನಾ ಜಗಳ ಎಂದಾದರೆ, ಅದೇ ಪೇಟೆಯಲ್ಲಿ ಶಾಲೆಗೆ ಹತ್ತಿರದ ಬಾಡಿಗೆ ಮನೆಯನ್ನು ಸೊಸೆ ಒಪ್ಪುವುದು ಎಷ್ಟೋ ಸಲ ಲಾಭ. ಆದರೆ ಬಾಡಿಗೆ ಯಾರು, ಯಾವ ತಾರೀಖಿನೊಳಗೆ, ಯಾವ ಖಾತೆಗೆ ಎಂದು ಆದೇಶದಲ್ಲೇ ಬರೆಸಿಕೊಳ್ಳಬೇಕು.

ಅತ್ತೆಯೂ ಈ ಕಾಯ್ದೆಯಡಿ ಅರ್ಜಿ ಹಾಕಬಹುದು. ವಿಧವೆ ತಾಯಿಯನ್ನು ಮಗ ಸೊಸೆ ಸೇರಿ ಹೊರಗೆ ಹಾಕಿದರೆ ಇದೇ ಕೋರ್ಟು, ಇದೇ ನಮೂನೆ. 2016ರ ಅಕ್ಟೋಬರ್ 6ರ ಹರ್ಸೋರಾ ತೀರ್ಪಿನ ನಂತರ ಎದುರುಗಾರ ಗಂಡಸೇ ಆಗಬೇಕೆಂದಿಲ್ಲ. ಗಂಡನನ್ನು ಕಳೆದುಕೊಂಡ ಸೊಸೆಗೂ ಹಕ್ಕು ಮುಗಿಯುವುದಿಲ್ಲ, ಪ್ರಭಾ ತ್ಯಾಗಿ ಪ್ರಕರಣದ ಅರ್ಜಿದಾರರು ವಿಧವೆಯೇ.

ಹೆಚ್ಚಿನ ಮನೆಗಳಲ್ಲಿ ಕೋರ್ಟಿಗಿಂತ ಮೊದಲು ಸಮಾಜದ ಹಿರಿಯರ ಬೈಠಕ್ ನಡೆಯುತ್ತದೆ. ಅದು ತಪ್ಪಲ್ಲ, ಕೆಲವು ಸಂಸಾರಗಳು ಅಲ್ಲಿಯೇ ಸರಿಹೋಗಿವೆ. ಕೆಟ್ಟದ್ದಾಗುವುದು ಬಾಯಿಮಾತಿನ ರಾಜಿಯಲ್ಲಿ. ಬಸದಿಯಲ್ಲಿ ಎಲ್ಲರೆದುರು "ಇನ್ನ ಮ್ಯಾಲೆ ಹಂಗ ಆಗೂದಿಲ್ಲ" ಎಂದು ಕೈಮುಗಿದವರು ಮೂರು ತಿಂಗಳಿಗೆ ಮತ್ತೆ ಕೀಲಿ ಬದಲಿಸಿದರೆ, ಆಗ ತೋರಿಸಲು ಕಾಗದವಿರುವುದಿಲ್ಲ, ಆಕೆ ತಾನೇ ಮನೆ ಬಿಟ್ಟು ಹೋದಳೆಂಬ ಮಾತು ಹುಟ್ಟುತ್ತದೆ. ಅರ್ಜಿ ಹಾಕಿದ ಮೇಲೆಯೂ ರಾಜಿಗೆ ದಾರಿ ಮುಚ್ಚುವುದಿಲ್ಲ. ರಾಜಿಯ ಷರತ್ತುಗಳನ್ನು ಕೋರ್ಟಿನಲ್ಲಿ ದಾಖಲು ಮಾಡಿಸಬಹುದು. ಒಮ್ಮೆ ಆದ ಸಂರಕ್ಷಣಾ ಆದೇಶ, ಆಕೆಯೇ ಬೇಡವೆಂದು ಅರ್ಜಿ ಕೊಡುವವರೆಗೂ ಜಾರಿಯಲ್ಲಿರುತ್ತದೆ. ರಾತ್ರಿ ಹೊತ್ತು ಹೊರಗೆ ಹಾಕಿದರೆ ಮಹಿಳಾ ಸಹಾಯವಾಣಿ 181, ಉಚಿತ ಕಾನೂನು ನೆರವಿಗೆ 15100.