ಪರಿಚಯಿಸುವ ಮುನ್ನ ಒಬ್ಬರನ್ನು ಕೇಳಿ

ತುಮಕೂರಿನಲ್ಲಿ ನವಣೆ ಚಕ್ಕುಲಿ ಮಾಡಿ ಮಾರುವ ಮಹಿಳೆಯೊಬ್ಬರು, ಹೆಸರು ರೇಖಾ ಎಂದಿಟ್ಟುಕೊಳ್ಳೋಣ. ಮೂರು ವಾರಕ್ಕೇ ಚಕ್ಕುಲಿ ಕಮಟು ವಾಸನೆ ಬರುತ್ತಿದೆ. ಯಾವ ಪೌಚ್ ಬಳಸಬೇಕೆಂದು ಹೇಳುವವರು ಬೇಕು. ಬೆಂಗಳೂರಿನ ಪ್ಯಾಕೇಜಿಂಗ್ ಸಲಹೆಗಾರ ಪ್ರಕಾಶ್ ನಿಮಗೆ ಪರಿಚಿತರು. ಇಬ್ಬರನ್ನೂ ಒಂದೇ ಇಮೇಲ್‌ಗೆ ಸೇರಿಸಿ ‘ಮಾತಾಡಿಕೊಳ್ಳಿ’ ಎಂದರೆ ನಿಮ್ಮ ಕೆಲಸವೇನೋ ಮುಗಿಯಿತು. ಪ್ರಕಾಶ್ ಮಾತ್ರ ಸಿಕ್ಕಿಬಿದ್ದರು. ಬಿಡುವಿಲ್ಲ ಎನ್ನಲು ದಾಕ್ಷಿಣ್ಯ, ಸುಮ್ಮನಿದ್ದರೆ ಇಬ್ಬರಿಗೂ ಬೇಸರ.

ಹಾಗಾಗಿ ಮೊದಲು ಪ್ರಕಾಶ್ ಒಬ್ಬರನ್ನೇ ಕೇಳಬೇಕು. ಎರಡೂ ಕಡೆಯ ಒಪ್ಪಿಗೆ ಪಡೆದೇ ಪರಿಚಯಿಸುವ ಈ ಪದ್ಧತಿಯ ಬಗ್ಗೆ ಅಮೆರಿಕದ ಹೂಡಿಕೆದಾರ ಫ್ರೆಡ್ ವಿಲ್ಸನ್ 2009ರಲ್ಲಿ ಬರೆದಿದ್ದರು. ಉದ್ಯಮ ವಲಯದಲ್ಲಿ ಇಂದು ಅದು ರೂಢಿ. ಕೇಳುವ ಪತ್ರವನ್ನು ನೀವೇ ಕಷ್ಟಪಟ್ಟು ರಚಿಸಬೇಕಿಲ್ಲ. ತಮ್ಮ ಕೋರಿಕೆಯನ್ನು ನಾಲ್ಕೈದು ಸಾಲಿನಲ್ಲಿ ಬರೆದುಕೊಡಲು ರೇಖಾ ಅವರಿಗೇ ಹೇಳಿ: ಏನು ತಯಾರಿಸುತ್ತಾರೆ, ತೊಡಕೇನು, ಎಷ್ಟು ಹೊತ್ತಿನ ಮಾತು ಬೇಕು. ‘ಮಾರ್ಗದರ್ಶನ ಬೇಕು’ ಎಂದಷ್ಟೇ ಬರೆದರೆ ಪ್ರಕಾಶ್‌ಗೆ ಏನೂ ತಿಳಿಯದು. ‘ಪೌಚ್ ಆಯ್ಕೆ ಬಗ್ಗೆ ಇಪ್ಪತ್ತು ನಿಮಿಷ ಫೋನಿನಲ್ಲಿ’ ಎಂದರೆ ಒಪ್ಪುವುದೋ ಬಿಡುವುದೋ ತಕ್ಷಣ ತೀರ್ಮಾನಿಸಬಹುದು. ಅದನ್ನು ಪ್ರಕಾಶ್‌ಗೆ ಕಳಿಸುತ್ತಾ ‘ಈಗ ಆಗದಿದ್ದರೆ ಸಂಕೋಚ ಬೇಡ, ನಾನೇ ಅವರಿಗೆ ಹೇಳುತ್ತೇನೆ’ ಎಂಬ ಮಾತು ಸೇರಿಸಿ. ಶುಲ್ಕ ಕೊಡುವರೋ, ಉಚಿತ ಸಲಹೆ ಕೇಳುತ್ತಿರುವರೋ ಎಂಬುದೂ ಇಲ್ಲೇ ಗೊತ್ತಾಗಿಬಿಡಲಿ. ನಮ್ಮಲ್ಲಿ ಈ ಮಾತನ್ನು ಕೊನೆಯವರೆಗೂ ಯಾರೂ ಎತ್ತುವುದಿಲ್ಲ!

ಒಪ್ಪಿಗೆ ಬಂದ ಮೇಲೆ ಪರಿಚಯದ ಪತ್ರ ಚಿಕ್ಕದಿದ್ದರೆ ಸಾಕು. ವಿಷಯದ ಸಾಲಿನಲ್ಲಿ ಇಬ್ಬರ ಹೆಸರೂ ಕೆಲಸವೂ ಇರಲಿ.

‘ಪ್ರಕಾಶ್ ಸರ್, ನಾನು ಹೇಳಿದ್ದ ರೇಖಾ ಇವರೇ. ತುಮಕೂರಿನಲ್ಲಿ ಸಿರಿಧಾನ್ಯದ ತಿಂಡಿ ತಯಾರಿಸುತ್ತಾರೆ. ರೇಖಾ ಅವರೇ, ಪ್ರಕಾಶ್ ಆಹಾರ ಪ್ಯಾಕೇಜಿಂಗ್‌ನಲ್ಲಿ ನುರಿತವರು. ಮಾತಿಗೆ ಇಪ್ಪತ್ತು ನಿಮಿಷ ಕೊಡಲು ಒಪ್ಪಿದ್ದಾರೆ. ಸಮಯ ಕೇಳಿ ನೀವೇ ಮೊದಲು ಬರೆಯಿರಿ.’

ಕೊನೆಯ ವಾಕ್ಯವನ್ನು ಬಿಡಬೇಡಿ. ಅದಿಲ್ಲದಿದ್ದರೆ ಅವರು ಬರೆಯಲಿ ಎಂದು ಇವರು, ಇವರು ಬರೆಯಲಿ ಎಂದು ಅವರು ಕಾಯುತ್ತಾರೆ. ಹೊಗಳಿಕೆಯಲ್ಲೂ ಹಿಡಿತವಿರಲಿ: ‘ಇವರಿಂದ ನಿಮ್ಮ ಸಮಸ್ಯೆಯೆಲ್ಲ ಬಗೆಹರಿಯುತ್ತದೆ’ ಎಂದು ನೀವು ಬರೆದರೆ ಆ ಭಾರ ಬೀಳುವುದು ಪ್ರಕಾಶ್ ಮೇಲೆ. ಕೇಳದೆ ಯಾರ ಫೋನ್ ನಂಬರನ್ನೂ ಹಾಕಬೇಡಿ.

ರೇಖಾ ಅಂದೋ ಮರುದಿನವೋ ಉತ್ತರಿಸುವಾಗ ನಿಮ್ಮ ವಿಳಾಸವನ್ನು Bcc ಜಾಗಕ್ಕೆ ಸರಿಸಬೇಕು. ಆಗ ಮಾತು ಶುರುವಾದದ್ದು ನಿಮಗೆ ತಿಳಿಯುತ್ತದೆ. ಪ್ರಕಾಶ್ ಎಲ್ಲರಿಗೂ ಉತ್ತರಿಸಿದರೂ ಆ ಪತ್ರ ನಿಮಗೆ ಬರುವುದಿಲ್ಲ. ದರದ ಮಾತು ಮೂರನೆಯವರ ಮುಂದೆ ಆಡಬೇಕಾದ ಮುಜುಗರ ಅವರಿಗೂ ಇರದು. ಮೂರು ದಿನವಾದರೂ ಆ ಪ್ರತಿ ಬಾರದಿದ್ದರೆ ವಿಚಾರಿಸಬೇಕಾದ್ದು ರೇಖಾ ಅವರನ್ನು, ಪ್ರಕಾಶ್‌ರನ್ನಲ್ಲ.

ಪ್ರಕಾಶ್ ಮೊದಲೇ ಒಲ್ಲೆ ಎಂದಿದ್ದರೆ? ‘ಅವರಿಗೆ ಸದ್ಯ ಆಗುವುದಿಲ್ಲವಂತೆ’ ಎಂದು ರೇಖಾ ಅವರಿಗೆ ಅದೇ ವಾರ ತಿಳಿಸಿ. ಕಾರಣ ವಿವರಿಸಲು ಹೋಗಬೇಡಿ, ಅವರು ಇನ್ನೊಬ್ಬರನ್ನು ಹುಡುಕಿಕೊಳ್ಳಲಿ.