ತಟ್ಟೆಯ ಬೆಲೆ ಎಷ್ಟಿದ್ದರೆ ಬಡ್ಡಿಯೂ ಹುಟ್ಟುತ್ತದೆ?

ಮಲೆನಾಡಿನಲ್ಲಿ ಅಡಿಕೆ ಹಾಳೆಯ ತಟ್ಟೆ ಮಾಡುವ ಚಿಕ್ಕ ಘಟಕ ಹಾಕಬೇಕೆಂದು ಹೊರಟವರೊಬ್ಬರಿದ್ದಾರೆ ಎಂದುಕೊಳ್ಳೋಣ. ತೋಟದಲ್ಲಿ ಉದುರಿದ ಹಾಳೆ ತಂದು, ತೊಳೆದು, ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತುವ ಕೆಲಸ. ಲೆಕ್ಕ ಅರ್ಥವಾಗಲೆಂದು ಕೆಲವು ಅಂಕಿಗಳನ್ನು ಇಟ್ಟುಕೊಳ್ಳಬಹುದು. ಮಷೀನು, ಶೆಡ್ಡು, ಕರೆಂಟಿನ ಸಂಪರ್ಕ ಎಲ್ಲ ಸೇರಿ ಮೊದಲಿಗೆ 6 ಲಕ್ಷ ರೂಪಾಯಿ. ವರ್ಷಕ್ಕೆ 3 ಲಕ್ಷ ತಟ್ಟೆ. ಹಾಳೆ, ಕೂಲಿ, ಕರೆಂಟು ಸೇರಿ ತಟ್ಟೆಯೊಂದಕ್ಕೆ 2 ರೂಪಾಯಿ 40 ಪೈಸೆ ಖರ್ಚು. ಬಾಡಿಗೆ, ರಿಪೇರಿ ಮುಂತಾದವಕ್ಕೆ ವರ್ಷಕ್ಕೆ 1,20,000 ರೂಪಾಯಿ. ಐದು ವರ್ಷವಾದ ಮೇಲೆ ಮಷೀನು ಮಾರಿದರೆ 1 ಲಕ್ಷ ಸಿಗುತ್ತದೆ. ತಟ್ಟೆಯನ್ನು ಎಷ್ಟಕ್ಕೆ ಮಾರಬೇಕು?

ಹೆಚ್ಚಿನವರು ಬೆರಳಲ್ಲೇ ಲೆಕ್ಕ ಹಾಕಿಬಿಡುತ್ತಾರೆ. 6 ಲಕ್ಷದಲ್ಲಿ 1 ಲಕ್ಷ ವಾಪಸು ಬರುತ್ತದೆ, ಉಳಿದ 5 ಲಕ್ಷ ಐದು ವರ್ಷದಲ್ಲಿ ಹುಟ್ಟಬೇಕು, ಅಂದರೆ ವರ್ಷಕ್ಕೆ 1 ಲಕ್ಷ. ಅದಕ್ಕೆ ಬಾಡಿಗೆ, ರಿಪೇರಿಯ 1,20,000 ಸೇರಿಸಿ 3 ಲಕ್ಷ ತಟ್ಟೆಗೆ ಹಂಚಿದರೆ ಒಂದಕ್ಕೆ ಸುಮಾರು 73 ಪೈಸೆ. ಹಾಗಾಗಿ 3 ರೂಪಾಯಿ 13 ಪೈಸೆಗೆ ಮಾರಿದರೆ ಅಸಲು ಬಂತು.

ಅಸಲೇನೋ ಬಂತು, ಬಡ್ಡಿ ಬರಲಿಲ್ಲ. ಆ 6 ಲಕ್ಷ ಬ್ಯಾಂಕಿನ ಸಾಲವಾಗಿದ್ದರೆ ಬಡ್ಡಿ ಕೈಯಿಂದ ಕಟ್ಟಬೇಕು. ಸ್ವಂತದ್ದಾಗಿದ್ದರೆ ಬೇರೆಡೆ ದುಡಿಯಬಹುದಾಗಿದ್ದ ಹಣ ಐದು ವರ್ಷ ಸುಮ್ಮನೆ ಕೂತ ಹಾಗೆ. ಈ ಕೊರತೆಯನ್ನು ಲೆಕ್ಕಕ್ಕೆ ತರುವುದೇ ನಿವ್ವಳ ವರ್ತಮಾನ ಮೌಲ್ಯ, ಅಂದರೆ ಎನ್‌ಪಿವಿ. ಹಣಕ್ಕೆ ಶೇ 12ರ ದರ ಇಟ್ಟುಕೊಂಡರೆ ಮುಂದಿನ ವರ್ಷ ಬರುವ 112 ರೂಪಾಯಿ ಇವತ್ತಿನ 100ಕ್ಕೆ ಸಮ. ಐದು ವರ್ಷದ ನಂತರದ 100 ರೂಪಾಯಿಗೆ ಇವತ್ತಿನ ಬೆಲೆ 56 ರೂಪಾಯಿ 74 ಪೈಸೆ ಮಾತ್ರ. ಮುಂದೆ ಬರುವ ಹಣವನ್ನೆಲ್ಲ ಹೀಗೆ ಇವತ್ತಿನ ಬೆಲೆಗೆ ಇಳಿಸಿ ಕೂಡಿಸಿ, ಹಾಕಿದ ಬಂಡವಾಳ ಕಳೆದರೆ ಎನ್‌ಪಿವಿ ಸಿಗುತ್ತದೆ. ಬೆರಳ ಲೆಕ್ಕದ ಆ ದರಕ್ಕೆ ಇದನ್ನು ಹಚ್ಚಿದರೆ ಸುಮಾರು 1,83,000 ರೂಪಾಯಿ ಕೊರತೆ ಕಾಣುತ್ತದೆ.

ಎನ್‌ಪಿವಿ ಸರಿಯಾಗಿ ಸೊನ್ನೆ ಆಗುವ ಬೆಲೆ ಯಾವುದೋ ಅದೇ ನಿಜವಾದ ಕನಿಷ್ಠ ಬೆಲೆ. ಸೊನ್ನೆ ಎಂದರೆ ಲಾಭವೇ ಇಲ್ಲ ಎಂದಲ್ಲ. ಹಾಕಿದ ಹಣ ಶೇ 12ರಂತೆ ದುಡಿದಿದೆ, ಅದಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ ಎಂದು ಅರ್ಥ.

ಆ ಬೆಲೆಯನ್ನು ಹುಡುಕುವ ಕೆಲಸವನ್ನು ಎಕ್ಸೆಲ್‌ಗೆ ಬಿಡಬಹುದು. ಹಾಳೆಯಲ್ಲಿ B1ರಲ್ಲಿ ಬೆಲೆ, B2ರಲ್ಲಿ ತಟ್ಟೆಗಳ ಸಂಖ್ಯೆ, B3ರಲ್ಲಿ ತಟ್ಟೆಯೊಂದರ ಖರ್ಚು, B4ರಲ್ಲಿ ವರ್ಷದ ಸ್ಥಿರ ಖರ್ಚು, B5ರಲ್ಲಿ ಶೇ 12 ಬರೆಯಬೇಕು. ಎಂಟನೇ ಸಾಲು ವರ್ಷಗಳದ್ದು: B8ರಲ್ಲಿ ಬಂಡವಾಳ -600000, C8ರಿಂದ G8ರವರೆಗೆ ಐದು ವರ್ಷಗಳ ಉಳಿಕೆ. ಕೊನೆಯ G8ಕ್ಕೆ ಮಷೀನು ಮಾರಿದ 100000 ಕೂಡಿಸಬೇಕು. ವರ್ಷದ ಉಳಿಕೆಯ ಸೂತ್ರ ಮತ್ತು B10ರಲ್ಲಿ ಬರೆಯುವ ಎನ್‌ಪಿವಿ ಸೂತ್ರ ಇವು:

```
=($B$1-$B$3)*$B$2-$B$4
=B8+NPV(B5,C8:G8)
```

B1ರಲ್ಲಿ ಸುಮ್ಮನೆ 3 ಎಂದು ಹೊಡೆದರೆ B10ರಲ್ಲಿ ಸುಮಾರು -3,26,971 ಬರುತ್ತದೆ. ಈಗ Data ಮೆನುವಿನ What-If Analysis ಒಳಗೆ Goal Seek ತೆರೆಯಬೇಕು. ಮೂರೇ ಖಾನೆಗಳಿವೆ. Set cell ಎಂಬಲ್ಲಿ B10, To value ಎಂಬಲ್ಲಿ 0, By changing cell ಎಂಬಲ್ಲಿ B1. OK ಒತ್ತಿದರೆ ಅದು ಬೆಲೆಯನ್ನು ಸ್ವಲ್ಪ ಬದಲಿಸಿ, ಎನ್‌ಪಿವಿ ಎಷ್ಟು ಸರಿಯಿತೆಂದು ನೋಡಿ, ಮುಂದಿನ ಊಹೆಯನ್ನು ತಿದ್ದಿಕೊಳ್ಳುತ್ತ ಹೋಗುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ B1ರಲ್ಲಿ 3.30235 ನಿಲ್ಲುತ್ತದೆ. ಬೆರಳ ಲೆಕ್ಕಕ್ಕಿಂತ ಇದು 17 ಪೈಸೆ ಹೆಚ್ಚು. ಬಡ್ಡಿಯೆಲ್ಲ ಆ 17 ಪೈಸೆಯಲ್ಲೇ ಇತ್ತು. ಉತ್ತರ ಸರಿಯೇ ಎಂದು ನೋಡಲು ಖಾಲಿ ಸೆಲ್ಲೊಂದರಲ್ಲಿ `=IRR(B8:G8)` ಬರೆದರೆ ಸಾಕು, ಶೇ 12 ಬರಬೇಕು.

ಲಿಬ್ರೆಆಫೀಸ್ ಬಳಸುವವರಿಗೆ ಇದೇ ಸೌಲಭ್ಯ Tools ಮೆನುವಿನಲ್ಲಿದೆ. ಎರಡರಲ್ಲೂ ಬೆಲೆಯ ಸೆಲ್ಲಿನಲ್ಲಿ ಬರಿಯ ಅಂಕಿ ಇರಬೇಕೇ ಹೊರತು ಸೂತ್ರ ಇರಬಾರದು.

ಈ ಲೆಕ್ಕದಲ್ಲಿ ತುಂಬ ಜನ ಎಡವುವುದು NPV ಎಂಬ ಸೂತ್ರದಲ್ಲೇ. ಅದು ತನಗೆ ಕೊಟ್ಟ ಮೊದಲ ಮೊತ್ತವನ್ನೂ ಒಂದು ವರ್ಷದ ನಂತರದ್ದೆಂದು ತಿಳಿಯುತ್ತದೆ. ಇವತ್ತೇ ಕೈಬಿಟ್ಟ 6 ಲಕ್ಷವನ್ನು ಅದರ ಒಳಗೆ ಸೇರಿಸಿದರೆ ಉತ್ತರವೆಲ್ಲ 1.12ರಿಂದ ಭಾಗಿಸಿದಂತೆ ಕುಗ್ಗುತ್ತದೆ. ಅದಕ್ಕೇ B8 ಹೊರಗಿದೆ. ಸೊನ್ನೆಯನ್ನು ಯಾವುದರಿಂದ ಭಾಗಿಸಿದರೂ ಸೊನ್ನೆಯೇ ಆದ್ದರಿಂದ ಈ ತಪ್ಪು ಮಾಡಿದರೂ Goal Seek ಕೊಡುವ ಬೆಲೆ ಮಾತ್ರ ಸರಿಯಾಗಿಯೇ ಬರುತ್ತದೆ. ಅಪಾಯ ಇರುವುದೂ ಅಲ್ಲೇ. ಬೆಲೆ ಸರಿ ಬಂತೆಂದು ಹಾಳೆಯನ್ನು ನಂಬಿ, ಮೂರೂವರೆ ರೂಪಾಯಿಗೆ ಮಾರಿದರೆ ಎಷ್ಟು ಉಳಿಯುತ್ತದೆಂದು ನೋಡಿದರೆ 2,13,746 ಬರಬೇಕಾದ ಕಡೆ ಸುಮಾರು 1,90,800 ಕಾಣಿಸುತ್ತದೆ.

ಇನ್ನೊಂದು ತೊಡಕು ಸೊನ್ನೆಯ ಹತ್ತಿರದ್ದು. ಎಕ್ಸೆಲ್ ಸೊನ್ನೆಗೆ 0.001ರಷ್ಟು ಹತ್ತಿರ ಬಂದರೆ ಸಾಕೆಂದು ನಿಲ್ಲುತ್ತದೆ. ಲೆಕ್ಕ ರೂಪಾಯಿಯಲ್ಲಿದ್ದರೆ ಅದು ಪೈಸೆಗಿಂತ ಕಡಿಮೆ, ಚಿಂತೆಯಿಲ್ಲ. ಆದರೆ ದೊಡ್ಡ ಯೋಜನೆಗಳ ಹಾಳೆಗಳಲ್ಲಿ ಮೊತ್ತವನ್ನು ಕೋಟಿಯಲ್ಲಿ ಬರೆಯುವುದುಂಟು. ಆಗ 0.001 ಎಂದರೆ 10,000 ರೂಪಾಯಿ, ಅಷ್ಟು ಬಾಕಿ ಇದ್ದರೂ ಅದು ನಿಂತುಬಿಡಬಹುದು. File, Options, Formulas ಎಂದು ಹೋಗಿ Maximum Change ಎಂಬ ಅಂಕಿಯನ್ನು ಇನ್ನಷ್ಟು ಚಿಕ್ಕದು ಮಾಡಿದರೆ ಇದು ಸರಿಹೋಗುತ್ತದೆ. ಎನ್‌ಪಿವಿಯನ್ನು ಒಂದು ಕೋಟಿಯಿಂದ ಗುಣಿಸಿದ ಬೇರೊಂದು ಸೆಲ್ಲನ್ನೇ ಗುರಿಯಾಗಿ ಕೊಡುವುದು ಅದಕ್ಕಿಂತ ಸುಲಭ.

ಹಾಗೆಂದು 3.30235 ರೂಪಾಯಿಗೆ ಯಾರೂ ತಟ್ಟೆ ಮಾರುವುದಿಲ್ಲ. 3.30ಕ್ಕೆ ಇಳಿಸಿದರೆ ಎನ್‌ಪಿವಿ ಸುಮಾರು 2,541 ರೂಪಾಯಿ ಕೊರತೆಗೆ ಬೀಳುತ್ತದೆ, 3.31ಕ್ಕೆ ಏರಿಸಿದರೆ 8,273 ರೂಪಾಯಿ ಮೇಲಾಗುತ್ತದೆ. ಕನಿಷ್ಠ ಬೆಲೆ ಹುಡುಕುವಾಗ ಪೈಸೆಯನ್ನು ಯಾವಾಗಲೂ ಮೇಲಕ್ಕೇ ಸರಿಸಬೇಕು.

ಒಮ್ಮೆ ಹುಡುಕಿಕೊಟ್ಟ ಮೇಲೆ Goal Seek ತನ್ನಷ್ಟಕ್ಕೆ ತಾನು ಮತ್ತೆ ಓಡುವುದಿಲ್ಲ ಎಂಬುದೂ ನೆನಪಿರಬೇಕು. ಕೂಲಿ ಏರಿತೆಂದು B3 ತಿದ್ದಿದರೆ ಎನ್‌ಪಿವಿ ಬದಲಾಗುತ್ತದೆ, B1ರಲ್ಲಿ ಹಳೆಯ ಬೆಲೆಯೇ ಕೂತಿರುತ್ತದೆ. ಮಳೆಗಾಲದಲ್ಲಿ ಒಳ್ಳೆಯ ಹಾಳೆ ಸಿಗದೆ ವರ್ಷಕ್ಕೆ 2,40,000 ತಟ್ಟೆಯಷ್ಟೇ ಆಗುವುದಾದರೆ ಮತ್ತೆ ಓಡಿಸಿ ನೋಡಬೇಕು. ಆಗ ಬೆಲೆ 3 ರೂಪಾಯಿ 53 ಪೈಸೆಗೆ ಹೋಗುತ್ತದೆ. ತಟ್ಟೆಯ ಸಂಖ್ಯೆ ಐದರಲ್ಲೊಂದು ಪಾಲು ಕಡಿಮೆಯಾದರೆ ಬೆಲೆ 23 ಪೈಸೆ ಏರಬೇಕು.

ಆ ಬೆಲೆ ಕೊಡುವವರು ಇದ್ದಾರೆಯೇ ಎಂಬುದು ಹಾಳೆಗೆ ಗೊತ್ತಿಲ್ಲ. ಸಗಟು ವ್ಯಾಪಾರಿ 3 ರೂಪಾಯಿ 40 ಪೈಸೆಗಿಂತ ಮೇಲೆ ಕೊಡುವುದಿಲ್ಲ ಎಂದರೆ ಪ್ರಶ್ನೆಯನ್ನೇ ತಿರುಗಿಸಬಹುದು. B1ರಲ್ಲಿ 3.40 ಇಟ್ಟು, By changing cell ಎಂಬಲ್ಲಿ ಬೆಲೆಯ ಬದಲು ತಟ್ಟೆಗಳ ಸಂಖ್ಯೆಯಿರುವ B2 ಕೊಟ್ಟರೆ 2,70,705 ಎಂಬ ಉತ್ತರ ಬರುತ್ತದೆ. ವರ್ಷದಲ್ಲಿ 300 ದಿನ ಕೆಲಸವೆಂದರೆ ದಿನಕ್ಕೆ ಸುಮಾರು 902 ತಟ್ಟೆ. ಅಷ್ಟು ಹಾಳೆ ವರ್ಷವಿಡೀ ಸಿಗುತ್ತದೆಯೇ ಎಂದು ಸುತ್ತಲಿನ ತೋಟದವರನ್ನು ಕೇಳಿಕೊಂಡ ಮೇಲೆ ಮಷೀನಿಗೆ ಮುಂಗಡ ಕೊಡಬಹುದು.