ಹಾಲಿನಲ್ಲಿ ನೆನೆಸಿದ ರೊಟ್ಟಿ ಎಲ್ಲ ರೋಗಿಗಳಿಗೂ ಮೃದು ಆಹಾರವಲ್ಲ

ನಾರಾಯಣಪೇಟೆ, ಮಕ್ತಲ್, ಗದ್ವಾಲ ಭಾಗದ ಮನೆಗಳಲ್ಲಿ ಹಲ್ಲಿಲ್ಲದ ಹಿರಿಯರಿಗೆ ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡುವುದುಂಟು. ಆದರೆ ಪಾರ್ಶ್ವವಾಯುವಿನಿಂದ ಆಸ್ಪತ್ರೆ ಸೇರಿದ ಅಜ್ಜನಿಗೆ ಅದೇ ಊಟ ಅಪಾಯಕಾರಿಯಾಗಬಹುದು. ನುಂಗುವ ಶಕ್ತಿ ಕುಂದಿದಾಗ, ರೊಟ್ಟಿಯ ಚೂರು ಬಾಯಲ್ಲಿರುವಾಗಲೇ ಹಾಲು ಮುಂದೆ ಹರಿದು ಶ್ವಾಸನಾಳವನ್ನು ಸೇರಬಹುದು. ಅದರಿಂದ ನ್ಯುಮೋನಿಯಾ ಉಂಟಾಗಬಹುದು. ಆದ್ದರಿಂದ ನುಂಗುವಿಕೆಯ ಪರೀಕ್ಷೆ ಆಗುವವರೆಗೆ ನೀರನ್ನೂ ಕುಡಿಸಬಾರದು.

ಪರೀಕ್ಷೆಯ ನಂತರ ನುಣ್ಣಗೆ ಅರೆದ ಆಹಾರವನ್ನು ಸೂಚಿಸಿದರೆ, ಅದರಲ್ಲಿ ಗಂಟಾಗಲಿ ಬೇರ್ಪಟ್ಟ ನೀರಾಗಲಿ ಇರಬಾರದು. ಅದು ಚಮಚದಲ್ಲಿ ಆಕಾರ ಉಳಿಸಿಕೊಂಡು, ಚಮಚ ವಾಲಿಸಿದಾಗ ಅಂಟದೆ ಒಮ್ಮೆಲೇ ಜಾರಬೇಕು. ಬೇಳೆ ಸೇರಿಸಿ ಮೆತ್ತಗೆ ಬೇಯಿಸಿದ ಅನ್ನವನ್ನೂ ಅರೆದೇ ಕೊಡಬೇಕು. ಆರಿದ ಗಂಜಿ ಗಟ್ಟಿಯಾಗುವುದರಿಂದ ಉಣಿಸುವ ಹೊತ್ತಿಗೆ ಮತ್ತೊಮ್ಮೆ ನೋಡಬೇಕು.

ಊಟದ ತಟ್ಟೆ ಬಂದಾಗ ರೋಗಿ ತೂಕಡಿಸುತ್ತಿದ್ದರೆ ಉಣಿಸದೆ ನರ್ಸ್‌ಗೆ ತಿಳಿಸಿ. ಇನ್ಸುಲಿನ್ ಪಡೆದವರಾದರೆ ಕೂಡಲೇ ಹೇಳಿ. ಊಟ ತಪ್ಪಿದರೆ ರಕ್ತದ ಸಕ್ಕರೆ ಕುಸಿಯಬಹುದು. ಉಣಿಸುವ ಮುನ್ನ ಸಾಬೂನಿನಿಂದ ಕೈ ತೊಳೆದು, ರೋಗಿಯನ್ನು ನೇರವಾಗಿ ಕೂರಿಸಿ, ಅರ್ಧ ಚಮಚದಂತೆ ಕೊಡಿ. ಒಂದು ತುತ್ತು ಇಳಿದ ಮೇಲೆಯೇ ಇನ್ನೊಂದು.

ಊಟದ ಬಳಿಕ ಬಾಯಿಯನ್ನು ಶುಚಿಗೊಳಿಸಿ, ಅರ್ಧ ಗಂಟೆ ಕೂರಿಸಿರಿ. ಕೆಮ್ಮು ಬಂದರೆ ಅಥವಾ ಧ್ವನಿ ಗೊರಗೊರ ಎಂದರೆ ಉಣಿಸುವುದನ್ನು ನಿಲ್ಲಿಸಿ ನರ್ಸ್‌ರನ್ನು ಕರೆಯಿರಿ. ಕೆಲವರಲ್ಲಿ ಕೆಮ್ಮೇ ಬರುವುದಿಲ್ಲ. ನಂತರ ಕಾಣುವ ಜ್ವರ, ಏದುಸಿರುಗಳೇ ಅವರಲ್ಲಿ ಸೂಚನೆ.